ದುಬೈಯಲ್ಲಿ ಎಷ್ಟು ಜನ, ಎಷ್ಟು ವರ್ಷ?

ದುಬೈ ಬಗ್ಗೆ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಹೇಳುವ ಮಾತೊಂದಿದೆ: ‘ಅಲ್ಲಿ ನೂರಕ್ಕೆ ತೊಂಬತ್ತು ಜನ ಹೊರಗಿನವರೇ.’ ಪತ್ರಿಕೆಗಳೂ ಇದನ್ನೇ ಬರೆಯುತ್ತವೆ. ಕೇಳಿದವರು ಹುಬ್ಬೇರಿಸುತ್ತಾರೆ, ಮಾತು ಅಲ್ಲಿಂದ ಚಿನ್ನದ ಬೆಲೆಗೋ ಬುರ್ಜ್ ಖಲೀಫಾಗೋ ಹೊರಳುತ್ತದೆ. ಆ ತೊಂಬತ್ತನ್ನು ಯಾರು, ಯಾವಾಗ, ಹೇಗೆ ಎಣಿಸಿದರು ಎಂದು ಕೇಳುವವರು ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಒಂದು ಊರಿನಲ್ಲಿ ‘ಇರುವ’ ಮನುಷ್ಯ ಎಂದರೆ ಯಾರು ಎಂಬ ಪ್ರಶ್ನೆಯನ್ನು ಆ ಅಂಕಿ ನಮ್ಮಿಂದ ಮರೆಮಾಡಿಬಿಡುತ್ತದೆ. ನನ್ನ ಸಂಶೋಧನೆಯ ವಿಷಯ ವಲಸೆಯ ನೀತಿಶಾಸ್ತ್ರ. ತತ್ವಶಾಸ್ತ್ರದವರು ನಾಗರಿಕತ್ವ, ಹಕ್ಕು, ನ್ಯಾಯ ಎಂದು ದೊಡ್ಡ ದೊಡ್ಡ ಪದಗಳಲ್ಲಿ ವಾದಿಸುತ್ತಾರೆ. ಆ ವಾದಗಳು ನಿಲ್ಲುವುದೋ ಬೀಳುವುದೋ ಎಷ್ಟೋ ಸಲ ಜನಗಣತಿಯ ಕೋಷ್ಟಕದಲ್ಲಿ ಯಾವ ಕಾಲಂ ಇದೆ, ಯಾವುದು ಇಲ್ಲ ಎಂಬುದರ ಮೇಲೆ ಎಂದು ನನಗೆ ಈಚೆಗೆ ಅನ್ನಿಸತೊಡಗಿದೆ.

ಮೊದಲು ಅಂಕಿಯ ಕಥೆ. ಸಂಯುಕ್ತ ಅರಬ್ ಎಮಿರೇಟ್ಸ್ ದೇಶದಲ್ಲಿ ಮನೆಮನೆಗೆ ಹೋಗಿ ಮಾಡಿದ ಕೊನೆಯ ಗಣತಿ 2005ರ ಡಿಸೆಂಬರಿನದು. ಆಗ ಇಡೀ ದೇಶದ ಜನಸಂಖ್ಯೆ 41,06,427. ಅದರಲ್ಲಿ ನಾಗರಿಕರು 8,25,495, ಅಂದರೆ ನೂರಕ್ಕೆ ಇಪ್ಪತ್ತು. 1975ರಲ್ಲಿ ಈ ಪಾಲು ನೂರಕ್ಕೆ ಮೂವತ್ತಾರರಷ್ಟಿತ್ತು. 2010ರಲ್ಲಿ ಮತ್ತೊಂದು ಗಣತಿ ಆಗಬೇಕಿತ್ತು, ಅದನ್ನು ಕೈಬಿಟ್ಟರು. ಅದರ ಬದಲು ಅಲ್ಲಿನ ರಾಷ್ಟ್ರೀಯ ಅಂಕಿಅಂಶ ಸಂಸ್ಥೆ ಸರ್ಕಾರಿ ದಾಖಲೆಗಳನ್ನು ಒಟ್ಟುಗೂಡಿಸಿ ಒಂದು ಅಂದಾಜು ಪ್ರಕಟಿಸಿತು. ಒಟ್ಟು 82,64,070 ಜನ, ಅವರಲ್ಲಿ ನಾಗರಿಕರು 9,47,997. ಆ ನಾಗರಿಕರಲ್ಲಿ ದುಬೈ ಎಮಿರೇಟಿಗೆ ಸೇರಿದವರು 1,68,029. ಅದೇ ವರ್ಷ ದುಬೈಯ ಒಟ್ಟು ಜನಸಂಖ್ಯೆ 19,05,476 ಎಂದು ಅಲ್ಲಿನ ಅಂಕಿಅಂಶ ಕೇಂದ್ರ ಹೇಳಿತು. ಭಾಗಿಸಿ ನೋಡಿದರೆ ನೂರಕ್ಕೆ ಒಂಬತ್ತು ಕೂಡ ಆಗುವುದಿಲ್ಲ.

‘ನೂರಕ್ಕೆ ತೊಂಬತ್ತು’ ಎಂಬ ಮಾತಿನ ಬೇರು ಹೆಚ್ಚುಕಡಿಮೆ ಇಲ್ಲಿದೆ. ದೇಶಮಟ್ಟದಲ್ಲಿ ನಾಗರಿಕರು ಎಷ್ಟು, ಹೊರಗಿನವರು ಎಷ್ಟು ಎಂಬ ವಿಂಗಡಣೆಯನ್ನು ಒಕ್ಕೂಟ ಸರ್ಕಾರ 2010ರ ಆ ಅಂದಾಜಿನ ನಂತರ ಪ್ರಕಟಿಸುವುದನ್ನು ನಿಲ್ಲಿಸಿತು. ಒಟ್ಟು ಜನಸಂಖ್ಯೆ ಮಾತ್ರ ವರ್ಷವರ್ಷವೂ ಬರುತ್ತದೆ. ಆಮೇಲೆ ಬರೆದವರು ಮಾಡುತ್ತಾ ಬಂದಿರುವುದು ಏನೆಂದರೆ, ಹೊಸ ವರ್ಷದ ಒಟ್ಟು ಸಂಖ್ಯೆಗೆ 2010ರ ಹಳೆಯ ಶೇಕಡಾವಾರನ್ನು ಗುಣಿಸುವುದು. ಹದಿನೈದು ವರ್ಷದ ಹಿಂದಿನ ಬಟ್ಟೆಯನ್ನು ಬೆಳೆದ ಮಗುವಿಗೆ ತೊಡಿಸಿ ಅಳತೆ ಸರಿಯಾಗಿದೆ ಎಂದ ಹಾಗೆ. ಇನ್ನು ಹೊರಗಿನವರಲ್ಲಿ ಭಾರತದವರು ಎಷ್ಟು, ನೇಪಾಳದವರು ಎಷ್ಟು ಎಂಬುದನ್ನು ಅಲ್ಲಿನ ಸರ್ಕಾರ ಹೇಳುವುದೇ ಇಲ್ಲ. ನಾವು ಓದುವ ‘ಮೂವತ್ತೈದು ಲಕ್ಷ ಭಾರತೀಯರು’ ಎಂಬಂಥ ಅಂಕಿಗಳು ಆಯಾ ದೇಶದ ರಾಯಭಾರ ಕಚೇರಿಗಳು ಹೇಳಿದವು. ಕತಾರಿನಲ್ಲೂ ಹೀಗೆಯೇ. 2013ರಲ್ಲಿ ದೋಹಾದ ಒಂದು ವ್ಯಾಪಾರ ಪತ್ರಿಕೆ ಒಂದೊಂದೇ ರಾಯಭಾರ ಕಚೇರಿಯನ್ನು ಕೇಳಿ ಪಟ್ಟಿ ಮಾಡಿ ಪ್ರಕಟಿಸಿದಾಗ ಅದೇ ಒಂದು ಸುದ್ದಿಯಾಯಿತು.

ಇಂಥ ಮೌನವನ್ನು ನೋಡಿದ ಕೂಡಲೇ ಬಚ್ಚಿಡುತ್ತಿದ್ದಾರೆ ಎಂದು ಬೆರಳು ತೋರಿಸುವುದು ಸುಲಭ. ನನಗೆ ಅದರಲ್ಲಿ ಅಷ್ಟು ಆಸಕ್ತಿಯಿಲ್ಲ. ತನ್ನ ಊರಿನಲ್ಲೇ ಹತ್ತರಲ್ಲಿ ಒಬ್ಬನಾಗಿರುವ ಸಮುದಾಯಕ್ಕೆ ಆ ಅಂಕಿಯನ್ನು ವರ್ಷವರ್ಷ ಕೇಳಿಸಿಕೊಳ್ಳಲು ಇಷ್ಟವಿಲ್ಲದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ದೇಶವಾರು ಪಟ್ಟಿ ಹೊರಬಂದರೆ ಅದರಿಂದ ಕೆಲಸಗಾರರಿಗೇ ಕಷ್ಟವಾಗಬಹುದು, ‘ಇವರು ಹೆಚ್ಚಾದರು’ ಎಂಬ ಮಾತು ಹುಟ್ಟಲು ಒಂದು ಅಂಕಿ ಸಾಕು. ನನ್ನ ತಕರಾರು ಬೇರೆ ಕಡೆ ಇದೆ. ನಾಗರಿಕ ಮತ್ತು ಪರದೇಶಿ ಎಂಬ ವಿಂಗಡಣೆ ಸಂಪೂರ್ಣವಾಗಿ, ನಿಖರವಾಗಿ, ಪ್ರತಿ ತಿಂಗಳೂ ಪ್ರಕಟವಾದರೂ ನಮಗೆ ಬೇಕಾದ ಒಂದು ಸಂಗತಿ ಅದರಲ್ಲಿ ಇರುವುದಿಲ್ಲ.

ಅದು ಯಾವುದೆಂದು ಹೇಳಲು ನಮ್ಮ ಕಡೆಯ ಒಂದು ಹೋಲಿಕೆಯೇ ಒದಗಿಬರುತ್ತದೆ. ಕಿಬ್ಬನಹಳ್ಳಿಯ ಸುತ್ತಮುತ್ತ, ತಿಪಟೂರು ತುರುವೇಕೆರೆ ಚಿಕ್ಕನಾಯಕನಹಳ್ಳಿಯ ಕಡೆ, ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ಕಾಯಿ ಒಣಗಿ, ಅಲುಗಿಸಿದರೆ ಗುಡುಗುಡು ಸದ್ದು ಮಾಡುವ ಉಂಡೆ ಕೊಬ್ಬರಿ ಆಗುತ್ತದೆ. ‘ಅಟ್ಟದ ಮೇಲೆ ಎಷ್ಟಿದೆ?’ ಎಂದು ಯಾರಾದರೂ ಕೇಳಿದಾಗ ‘ಹತ್ತು ಸಾವಿರ’ ಎಂದರೆ ಆ ಉತ್ತರದಿಂದ ವ್ಯಾಪಾರಿಗೆ ಏನೂ ತಿಳಿಯುವುದಿಲ್ಲ. ಅವನ ಮುಂದಿನ ಪ್ರಶ್ನೆ, ‘ಯಾವಾಗ ಹಾಕಿದ್ದು?’ ಹೋದ ತಿಂಗಳು ಹಾಕಿದ ಹತ್ತು ಸಾವಿರಕ್ಕೂ ಹನ್ನೊಂದು ತಿಂಗಳಾದ ಹತ್ತು ಸಾವಿರಕ್ಕೂ ಎಣಿಕೆ ಒಂದೇ, ವಸ್ತುವೇ ಬೇರೆ.

ದುಬೈಯ ಜನಸಂಖ್ಯೆಯ ಪಟ್ಟಿಯಲ್ಲಿ ‘ಯಾವಾಗ ಬಂದದ್ದು’ ಎಂಬ ಕಾಲಂ ಕಾಣುವುದಿಲ್ಲ. ವರ್ಷದ ಕೊನೆಗೆ ಎಷ್ಟು ಜನ ಎಂದು ಗೊತ್ತಾಗುತ್ತದೆ, ಗಂಡಸರು ಸುಮಾರು ಮೂರರಲ್ಲಿ ಎರಡು ಪಾಲು ಎಂದು ಗೊತ್ತಾಗುತ್ತದೆ, 25ರಿಂದ 44 ವಯಸ್ಸಿನೊಳಗಿನವರೇ ಅರ್ಧಕ್ಕಿಂತ ಹೆಚ್ಚು ಎಂದೂ ಗೊತ್ತಾಗುತ್ತದೆ. ಅವರಲ್ಲಿ ಒಬ್ಬೊಬ್ಬರು ಎಷ್ಟು ವರ್ಷದಿಂದ ಅಲ್ಲಿದ್ದಾರೆ ಎಂಬುದು ಗೊತ್ತಾಗುವುದಿಲ್ಲ. ಒಂದು ಲೆಕ್ಕ ಹಾಕಿ ನೋಡೋಣ. ಒಂದು ನಗರದಲ್ಲಿ ಸದಾಕಾಲ ಹತ್ತು ಲಕ್ಷ ಹೊರಗಿನ ಕೆಲಸಗಾರರು ಇರುತ್ತಾರೆ ಎಂದಿಟ್ಟುಕೊಳ್ಳಿ. ಒಬ್ಬೊಬ್ಬರೂ ಸರಾಸರಿ ಎರಡು ವರ್ಷ ಇದ್ದು ಹೋಗುವುದಾದರೆ ಪ್ರತಿ ವರ್ಷ ಐದು ಲಕ್ಷ ಹೊಸಬರು ಬರಬೇಕು. ಇಪ್ಪತ್ತು ವರ್ಷದಲ್ಲಿ ಆ ನಗರದ ಮೂಲಕ ಒಂದು ಕೋಟಿ ಜನ ಹಾದುಹೋಗಿರುತ್ತಾರೆ. ಬದಲಿಗೆ ಒಬ್ಬೊಬ್ಬರೂ ಇಪ್ಪತ್ತು ವರ್ಷ ಇರುವುದಾದರೆ ವರ್ಷಕ್ಕೆ ಬರುವವರು ಐವತ್ತು ಸಾವಿರ ಮಾತ್ರ. ಎರಡು ಸಂದರ್ಭದಲ್ಲೂ ವರ್ಷದ ಕೊನೆಯ ಅಂಕಿ ಅದೇ ಹತ್ತು ಲಕ್ಷ. ಮೊದಲನೆಯ ನಗರ ಬಹಳ ಜನರ ಬದುಕಿನಿಂದ ಸ್ವಲ್ಪ ಸ್ವಲ್ಪ ಪಡೆದಿದೆ. ಎರಡನೆಯದು ಕೆಲವರ ಇಡೀ ಯೌವನವನ್ನು ಪಡೆದಿದೆ. ಅವೆರಡರ ಋಣ ಒಂದೇ ತೆರನಾದದ್ದು ಎಂದು ಹೇಳಲು ನನಗೆ ಆಗುವುದಿಲ್ಲ.

ತತ್ವಶಾಸ್ತ್ರದಲ್ಲಿ ಈ ವಿಷಯದ ಚರ್ಚೆ ಎಲ್ಲಿ ಕಗ್ಗಂಟಾಗಿದೆ ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಅಮೆರಿಕದ ಮೈಕೆಲ್ ವಾಲ್ಝರ್ 1983ರಲ್ಲಿ ಬಂದ ತಮ್ಮ ನ್ಯಾಯ ಕುರಿತ ಪುಸ್ತಕದಲ್ಲಿ ಅತಿಥಿ ಕಾರ್ಮಿಕರ ಪ್ರಶ್ನೆ ಎತ್ತಿದರು. ಪ್ರಜಾಪ್ರಭುತ್ವವೊಂದು ಹೊರಗಿನವರನ್ನು ಕೆಲಸಕ್ಕೆ ಕರೆದುಕೊಂಡರೆ ಅವರಿಗೆ ನಾಗರಿಕರಾಗುವ ದಾರಿಯನ್ನೂ ತೆರೆದಿಡಬೇಕು, ಇಲ್ಲವೆಂದರೆ ಆಳುವವರು ಮತ್ತು ಆಳಿಸಿಕೊಳ್ಳುವವರು ಎಂಬ ಎರಡು ಜಾತಿಗಳು ಅಲ್ಲಿ ಹುಟ್ಟುತ್ತವೆ ಎಂಬುದು ಅವರ ವಾದದ ತಿರುಳು. ಕೇಳಲು ಚೆನ್ನಾಗಿದೆ. ಇದಕ್ಕೆ ಎದುರಾಗಿ 2013ರಲ್ಲಿ ಮಾರ್ಟಿನ್ ರೂಸ್ ಎಂಬ ವಿದ್ವಾಂಸರು ಹಲವು ದೇಶಗಳ ವಲಸೆ ನೀತಿಗಳನ್ನು ಹೋಲಿಸಿ ಒಂದು ಕಹಿ ಸತ್ಯ ಮುಂದಿಟ್ಟರು: ಹೆಚ್ಚು ಕಾರ್ಮಿಕರನ್ನು ಒಳಗೆ ಬಿಡುವ ಕಾರ್ಯಕ್ರಮಗಳು ಅವರಿಗೆ ಕಡಿಮೆ ಹಕ್ಕು ಕೊಡುತ್ತವೆ, ಹೆಚ್ಚು ಹಕ್ಕು ಕೊಡುವವು ಕಡಿಮೆ ಜನರನ್ನು ಬಿಡುತ್ತವೆ. ದುಬೈ ನಾಳೆಯಿಂದ ಬಂದವರಿಗೆಲ್ಲ ನಾಗರಿಕತ್ವ ಎಂದು ಸಾರಿದರೆ ನಾಳಿದ್ದಿನಿಂದ ಬಾಗಿಲು ಮುಚ್ಚುತ್ತದೆ. ಆಗ ಭಟ್ಕಳದ, ಉಡುಪಿಯ, ಮಂಗಳೂರಿನ ಎಷ್ಟೋ ಮನೆಗಳಲ್ಲಿ ಒಲೆ ಉರಿಯುವುದು ಕಷ್ಟವಾಗುತ್ತದೆ. ವಾಲ್ಝರರ ನ್ಯಾಯದಿಂದ ಆ ಮನೆಗಳಿಗೆ ಏನು ಸಿಕ್ಕಿತು?

ಈ ಎರಡರ ನಡುವೆ ನನಗೆ ದಾರಿ ಕಾಣುವುದು ಕೆನಡಾದ ಜೋಸೆಫ್ ಕ್ಯಾರೆನ್ಸ್ ಅವರ ವಾದದಲ್ಲಿ. ಅವರ ಪ್ರಕಾರ ಒಂದು ಜಾಗದಲ್ಲಿ ಕಳೆದ ಕಾಲವೇ ಹಕ್ಕಿಗೆ ಆಧಾರ. ಬಂದ ದಿನ ಒಬ್ಬನಿಗೆ ಆ ಊರಿನ ಮೇಲೆ ಇರುವ ಹಕ್ಕು ಸಣ್ಣದು. ಐದು ವರ್ಷಕ್ಕೆ ಅದು ಬೆಳೆದಿರುತ್ತದೆ. ಹದಿನೈದು ವರ್ಷ ಕಳೆದ ಮೇಲೆ ಅವನು ಯಾವ ಕಾಗದ ಹಿಡಿದು ಬಂದ ಎಂಬುದು ಗೌಣವಾಗುತ್ತದೆ, ಅಲ್ಲಿ ಬದುಕಿದ್ದಾನೆ ಎಂಬುದೇ ಮುಖ್ಯವಾಗುತ್ತದೆ. ಒಪ್ಪಿಕೊಂಡು ಬಂದವನಲ್ಲವೇ, ಕರಾರಿಗೆ ಸಹಿ ಹಾಕಿದ್ದಾನಲ್ಲವೇ ಎಂಬ ಆಕ್ಷೇಪ ಸಹಜವಾಗಿ ಬರುತ್ತದೆ. ಎರಡು ವರ್ಷಕ್ಕೆ ಒಪ್ಪಿ ಸಹಿ ಹಾಕಿದವನು ಇಪ್ಪತ್ತು ವರ್ಷಕ್ಕೆ ಒಪ್ಪಿದಂತೆ ಆಗುತ್ತದೆಯೇ ಎಂಬುದು ನನ್ನ ಮರುಪ್ರಶ್ನೆ.

ಇದು ಬರೀ ಪುಸ್ತಕದ ಪ್ರಶ್ನೆಯಲ್ಲ. ನಮ್ಮ ಸೀಮೆಯಿಂದ ಕೊಲ್ಲಿಗೆ ಹೋದವರು ಕರಾವಳಿಯವರಷ್ಟು ಇಲ್ಲ, ತೆಂಗಿನ ತೋಟ ಇದ್ದವರು ಊರು ಬಿಡುವುದು ಕಡಿಮೆ. ಆದರೂ ಹೋದವರಿದ್ದಾರೆ. ನಮ್ಮ ಮನೆಗೆ ಹತ್ತಿರದ, ನಾನು ಮಾವ ಎಂದು ಕರೆಯುವ ಒಬ್ಬರು 1996ರಲ್ಲಿ ಏಸಿ ಮೆಕ್ಯಾನಿಕ್ ಆಗಿ ಹೋಗಿ 2019ರಲ್ಲಿ ವಾಪಸ್ ಬಂದರು. ಎಷ್ಟು ವರ್ಷಕ್ಕೆಂದು ಹೋಗಿದ್ದಿರಿ ಎಂದು ಒಮ್ಮೆ ಕೇಳಿದೆ. ‘ಮೂರು ವರ್ಷಕ್ಕೆ ಕಣಪ್ಪ. ತಂಗಿ ಮದುವೆ ಸಾಲ ತೀರಿಸಿಕೊಂಡು ಬಂದುಬಿಡೋಣ ಅಂತ. ಆಮೇಲೆ ಮನೆ, ಆಮೇಲೆ ಬೋರು, ಆಮೇಲೆ ಹುಡುಗರ ಓದು. ಮೂರು ಮೂರು ವರ್ಷದ ವೀಸಾ ಐದು ಸಲ, ಅದು ಎರಡು ವರ್ಷದ್ದಾದ ಮೇಲೆ ನಾಲ್ಕು ಸಲ. ಒಟ್ಟು ಹಾಕ್ಕೋ.’ ಒಟ್ಟು ಹಾಕಿದೆ, ಇಪ್ಪತ್ತಮೂರು. ಖಾಸಗಿ ಕಂಪನಿಯ ಕೆಲಸದ ಪರವಾನಗಿಯನ್ನು ಅಲ್ಲಿ 2011ರಲ್ಲಿ ಮೂರು ವರ್ಷದಿಂದ ಎರಡಕ್ಕೆ ಇಳಿಸಿದ್ದರಿಂದ ಈ ಲೆಕ್ಕ.

ಈ ಇಪ್ಪತ್ತಮೂರು ವರ್ಷದಲ್ಲಿ ಅವರು ಯಾವ ಯಾವ ಎಣಿಕೆಯಲ್ಲಿ ಸೇರಿದ್ದರು ಎಂದು ನಾನು ಒಂದು ದಿನ ಕುಳಿತು ಹುಡುಕಿದೆ. ಕೆಲಸ ಪೂರ್ತಿ ದುಬೈಯಲ್ಲಿ. ವಾಸ ಪಕ್ಕದ ಶಾರ್ಜಾದಲ್ಲಿ, ಏಕೆಂದರೆ ಬಾಡಿಗೆ ಅಲ್ಲಿ ಕಡಿಮೆ. ಬೆಳಗಿನ ಜಾವ ಕಂಪನಿಯ ಬಸ್ಸು, ರಾತ್ರಿ ಮತ್ತೆ ಬಸ್ಸು. ಹಾಗಾಗಿ 2005ರ ಗಣತಿಯಲ್ಲಿ ಅವರು ಶಾರ್ಜಾದ ಲೆಕ್ಕಕ್ಕೆ ಹೋಗಿರುತ್ತಾರೆ. ದುಬೈಯ ಜನಸಂಖ್ಯೆಯಲ್ಲಿ ಅವರು ಒಂದು ದಿನವೂ ಇರಲಿಲ್ಲ. ಇಂಥವರಿಗಾಗಿಯೇ ದುಬೈ ಅಂಕಿಅಂಶ ಕೇಂದ್ರ ಇನ್ನೊಂದು ಸಂಖ್ಯೆಯನ್ನು ಲೆಕ್ಕಹಾಕುತ್ತದೆ: ಹಗಲಿನಲ್ಲಿ ನಗರದೊಳಗೆ ಸಕ್ರಿಯರಾಗಿರುವ ಜನ. ಅದರಲ್ಲಿ ಖಾಯಂ ವಾಸಿಗಳ ಜೊತೆಗೆ ಬೇರೆ ಎಮಿರೇಟಿನಲ್ಲಿ ಮಲಗಿ ದುಬೈಗೆ ಕೆಲಸಕ್ಕೆ ಬರುವವರು, ಪ್ರವಾಸಿಗಳು, ಹಡಗಿನವರು ಸೇರುತ್ತಾರೆ. ಈಚಿನ ವರ್ಷಗಳಲ್ಲಿ ಈ ಸಂಖ್ಯೆ ಜನಸಂಖ್ಯೆಗಿಂತ ಹತ್ತು ಲಕ್ಷಕ್ಕೂ ಹೆಚ್ಚಿದೆ. ರಸ್ತೆ, ಮೆಟ್ರೊ, ವಿದ್ಯುತ್ ಎಷ್ಟು ಬೇಕು ಎಂದು ಲೆಕ್ಕ ಹಾಕಲು ಈ ಅಂಕಿ ಬೇಕೇಬೇಕು. ಅಂದರೆ ಮಾವನ ದೇಹ ರಸ್ತೆಯಲ್ಲಿ ಹಿಡಿಯುವ ಜಾಗವನ್ನು ದುಬೈ ಎಣಿಸಿತ್ತು. ಪ್ರವಾಸಕ್ಕೆ ಬಂದು ಮೂರು ದಿನ ಇದ್ದುಹೋದವನನ್ನೂ ಇಪ್ಪತ್ತಮೂರು ವರ್ಷ ತಂಪು ಯಂತ್ರ ರಿಪೇರಿ ಮಾಡಿದವರನ್ನೂ ಒಂದೇ ಸಾಲಿನಲ್ಲಿ ಕೂಡಿಸಿ ಎಣಿಸಿತ್ತು.

ಇತ್ತ ನಮ್ಮ ಲೆಕ್ಕದಲ್ಲಿ? ಭಾರತದ ಜನಗಣತಿ 2001ರಲ್ಲೂ 2011ರಲ್ಲೂ ಫೆಬ್ರವರಿ 9ರಿಂದ 28ರವರೆಗೆ ನಡೆಯಿತು. ಆ ಇಪ್ಪತ್ತು ದಿನವೂ ಮನೆಯಲ್ಲಿ ಇಲ್ಲದವರನ್ನು ಆ ಮನೆಯಲ್ಲಿ ಎಣಿಸುವಂತಿಲ್ಲ ಎಂಬುದು ನಿಯಮ. ಮಾವನಿಗೆ ರಜೆ ಸಿಗುತ್ತಿದ್ದುದು ಎರಡು ವರ್ಷಕ್ಕೊಮ್ಮೆ, ಅದೂ ಮಕ್ಕಳಿಗೆ ಬೇಸಿಗೆ ರಜೆ ಇರುವಾಗ. ಆದ್ದರಿಂದ ಎರಡೂ ಗಣತಿಯಲ್ಲಿ ಅವರಿಲ್ಲ. 2021ರದ್ದು ನಡೆಯಲೇ ಇಲ್ಲ. ಮುಂದಿನದಕ್ಕೆ 2027ರ ಮಾರ್ಚ್ 1ನ್ನು ಆಧಾರ ದಿನ ಎಂದು ಗೊತ್ತುಮಾಡಿದ್ದಾರೆ. ಹಾಗಾದರೆ 1991ರಲ್ಲಿ ಕೊನೆಯ ಸಲ ತಮ್ಮ ದೇಶದ ಎಣಿಕೆಗೆ ಸಿಕ್ಕ ಮನುಷ್ಯ ಮತ್ತೆ ಸಿಗುವುದು ಮೂವತ್ತಾರು ವರ್ಷದ ಮೇಲೆ. ರೇಷನ್ ಕಾರ್ಡಿನಲ್ಲಿ ಮಾತ್ರ ಹೆಸರು ಅಷ್ಟೂ ವರ್ಷ ಇತ್ತು ಎಂದು ಅತ್ತೆ ನಗುತ್ತಾರೆ.

ಕನ್ನಡಿಗರು ದುಬೈಯಲ್ಲಿ ಎಷ್ಟಿದ್ದಾರೆ ಎಂಬ ಪ್ರಶ್ನೆಗೆ ಉತ್ತರ ಇಲ್ಲದಿರುವುದು ಇದೇ ಕಾರಣಕ್ಕೆ. ಅಲ್ಲಿ ಕರ್ನಾಟಕ ಸಂಘಗಳಿವೆ, ಮಕ್ಕಳಿಗೆ ಕನ್ನಡ ಕಲಿಸುವ ಪಾಠಶಾಲೆ ಇದೆ, ರಾಜ್ಯೋತ್ಸವ ನಡೆಯುತ್ತದೆ. ಎಣಿಕೆ ಇಲ್ಲ. ಅಲ್ಲಿನ ಸರ್ಕಾರ ಪ್ರಕಟಿಸುವ ಪಟ್ಟಿಗಳಲ್ಲಿ ಮಾತೃಭಾಷೆ ಇಲ್ಲ, ಮಾತೃಭಾಷೆ ಕೇಳುವ ಇಲ್ಲಿನ ಗಣತಿಗೆ ಅವರು ಸಿಗುವುದಿಲ್ಲ. ನಮ್ಮ ವಿದೇಶಾಂಗ ಇಲಾಖೆಯ ವಲಸೆ ಪರವಾನಗಿಯ ದಾಖಲೆ ಇದೆಯಲ್ಲ ಎನ್ನಬಹುದು. ಅದು ಮುಖ್ಯವಾಗಿ ಹತ್ತನೇ ತರಗತಿ ಪಾಸಾಗದ, ವಲಸೆ ತಪಾಸಣೆ ಬೇಕಾದ ಪಾಸ್‌ಪೋರ್ಟಿನವರನ್ನು ಹಿಡಿಯುತ್ತದೆ. ಎಸ್ಸೆಸ್ಸೆಲ್ಸಿ ಆದವರು ಆ ಬಾಗಿಲಿನಿಂದ ಹೋಗಬೇಕಾಗಿಲ್ಲ. ಓದು ಹೆಚ್ಚಿದ ಜಿಲ್ಲೆಯಿಂದ ವಲಸೆ ಕಡಿಮೆಯಾದಂತೆ ಆ ಪಟ್ಟಿಯಲ್ಲಿ ಕಾಣುವುದು ಇದರಿಂದ. ಕೇರಳದವರು ಇನ್ನೊಂದು ದಾರಿ ಹಿಡಿದರು. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರದ ಕೆ.ಸಿ. ಜಕರಿಯ ಮತ್ತು ಇರುದಯ ರಾಜನ್ 1998ರಲ್ಲಿ ಶುರುಮಾಡಿದ ಸಮೀಕ್ಷೆ ಕೊಲ್ಲಿಗೆ ಹೋಗಿ ಎಣಿಸಲಿಲ್ಲ. ಕೇರಳದ ಮನೆಗಳ ಬಾಗಿಲು ತಟ್ಟಿ ‘ಈ ಮನೆಯಿಂದ ಹೊರಗೆ ಹೋದವರು ಯಾರು, ಯಾವಾಗ ಹೋದರು, ವಾಪಸ್ ಬಂದವರು ಯಾರು’ ಎಂದು ಕೇಳಿತು. ಅಲ್ಲಿಂದ ಐದೈದು ವರ್ಷಕ್ಕೆ ಹೆಚ್ಚುಕಡಿಮೆ ಅದೇ ಕ್ರಮ ನಡೆದಿದೆ. ಹೋದವರ ಕಾಲಾವಧಿ ಗೊತ್ತಾಗುವುದು ಈ ಬಗೆಯ ಎಣಿಕೆಯಲ್ಲಿ, ಏಕೆಂದರೆ ಒಬ್ಬ ಎಷ್ಟು ವರ್ಷ ಇಲ್ಲ ಎಂಬುದು ಮನೆಯವರಿಗೆ ಬಾಯಿಪಾಠ. ಕರ್ನಾಟಕದಲ್ಲಿ ಇಂಥದ್ದೊಂದು ಸಮೀಕ್ಷೆ ಹೀಗೆ ಬೇರೂರಿಲ್ಲ.

ಅಲ್ಲಿನ ಎಣಿಕೆ ಅಷ್ಟಕ್ಕೂ ಏನನ್ನು ಎಣಿಸುತ್ತದೆ ಎಂಬುದು ಚೆನ್ನಾಗಿ ಹೊರಬಿದ್ದದ್ದು 2020ರಲ್ಲಿ. ಕೋವಿಡ್ ಬಂತು, ಹೋಟೆಲು, ಕಟ್ಟಡ, ವಿಮಾನ ಎಲ್ಲ ನಿಂತವು. ಕೆಲಸ ಹೋದವರು ಊರಿಗೆ ಹೊರಟರು. ವಂದೇ ಭಾರತ್ ವಿಮಾನಗಳು ಮೇ ತಿಂಗಳಲ್ಲಿ ಶುರುವಾದವು, ದುಬೈಯಿಂದ ಮಂಗಳೂರಿಗೆ ಮೊದಲನೆಯದು ಅದೇ ತಿಂಗಳು ಬಂತು. ಆ ವರ್ಷದ ಬಗ್ಗೆ ಎರಡು ಅಂಕಿಗಳಿವೆ. ದುಬೈ ಅಂಕಿಅಂಶ ಕೇಂದ್ರದ ಪ್ರಕಾರ 2019ರ ಕೊನೆಗೆ 33,55,900 ಇದ್ದ ಜನ 2020ರ ಕೊನೆಗೆ 34,11,200 ಆದರು, ಅಂದರೆ ಹೆಚ್ಚಾದರು. ಎಸ್ ಅಂಡ್ ಪಿ ಎಂಬ ಸಾಲದ ಯೋಗ್ಯತೆ ಅಳೆಯುವ ಸಂಸ್ಥೆಯ ಅಂದಾಜಿನಲ್ಲಿ ಅದೇ ವರ್ಷ ದುಬೈಯ ಜನಸಂಖ್ಯೆ ನೂರಕ್ಕೆ 8.4ರಷ್ಟು ಕುಸಿಯಿತು, ಕೊಲ್ಲಿಯಲ್ಲೇ ಅತಿ ಹೆಚ್ಚಿನ ಕುಸಿತ ಅದು.

ಒಬ್ಬರು ಸುಳ್ಳು ಹೇಳಿದರು ಎಂದು ತೀರ್ಮಾನಿಸಬೇಕಾಗಿಲ್ಲ. ಗಣತಿ ಬಿಟ್ಟು ದಾಖಲೆಯಿಂದ ಎಣಿಸುವ ವ್ಯವಸ್ಥೆಯಲ್ಲಿ ಒಬ್ಬ ಮನುಷ್ಯ ಎಂದರೆ ಜೀವಂತವಾಗಿರುವ ಒಂದು ವಾಸ ಪರವಾನಗಿ. ಸಾಮಾನ್ಯ ದಿನಗಳಲ್ಲಿ ಕೆಲಸ ಹೋದರೆ ಪರವಾನಗಿ ರದ್ದಾಗುತ್ತದೆ, ಆರು ತಿಂಗಳು ಹೊರಗಿದ್ದರೂ ರದ್ದಾಗುತ್ತದೆ, ಆಗ ದಾಖಲೆಯಿಂದ ಹೆಸರು ಇಳಿಯುತ್ತದೆ. 2020ರಲ್ಲಿ ಗಡಿ ಮುಚ್ಚಿದ್ದರಿಂದ ಮುಗಿದ ವೀಸಾಗಳಿಗೆ ಅವಧಿ ವಿಸ್ತರಿಸಿದರು, ಆರು ತಿಂಗಳ ನಿಯಮವನ್ನು ಸಡಿಲಿಸಿದರು. ಕಾಗದಕ್ಕೆ ಕರುಣೆ ತೋರಿದ್ದರಿಂದ ಊರಿನಲ್ಲಿ ಇಲ್ಲದವರೂ ಪುಸ್ತಕದಲ್ಲಿ ಉಳಿದಿರಲು ಸಾಧ್ಯವಾಯಿತು. ಇನ್ನೊಂದು ಕಡೆಯ ಅಂದಾಜು ಕೆಲಸ, ಬಾಡಿಗೆ ಮನೆಗಳಂಥ ಸುಳಿವುಗಳನ್ನು ನೋಡುವವರ ಲೆಕ್ಕ, ಅದರಲ್ಲೂ ಊಹೆ ಇದ್ದೇ ಇರುತ್ತದೆ. ದಾಖಲೆಯ ಎಣಿಕೆಯನ್ನು ನಂಬುವವರು ಹೀಗೆ ಪರೀಕ್ಷಿಸಬಹುದು: ಕೆಲಸದವರ ಸಂಖ್ಯೆ, ಮನೆಗಳ ಬಾಡಿಗೆ, ಬಸ್ಸು ಮೆಟ್ರೊ ಹತ್ತುವವರ ಸಂಖ್ಯೆ ಎಲ್ಲ ಇಳಿಯುತ್ತಿದ್ದು ಜನಸಂಖ್ಯೆ ಮಾತ್ರ ಏರುತ್ತಿದ್ದರೆ, ಎಣಿಸುತ್ತಿರುವುದು ಅನುಮತಿಯನ್ನೇ ಹೊರತು ಅಲ್ಲಿರುವ ಜನರನ್ನಲ್ಲ.

ಕಾಲಾವಧಿ ಅಲ್ಲಿ ಯಾರಿಗೂ ಗೊತ್ತಿಲ್ಲವೇ? ಚೆನ್ನಾಗಿಯೇ ಗೊತ್ತಿದೆ, ಅದೇ ವಿಚಿತ್ರ. ಎಮಿರೇಟ್ಸಿನ ಕಾರ್ಮಿಕ ಕಾನೂನಿನ ಪ್ರಕಾರ ಕೆಲಸ ಬಿಟ್ಟು ಹೊರಡುವವರಿಗೆ ಉಪದಾನ ಕೊಡಬೇಕು. ಮೊದಲ ಐದು ವರ್ಷಕ್ಕೆ ವರ್ಷವೊಂದಕ್ಕೆ 21 ದಿನದ ಮೂಲ ವೇತನ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು, ಒಟ್ಟು ಎರಡು ವರ್ಷದ ಸಂಬಳ ಮೀರಬಾರದು. ಗಮನಿಸಿ, ವರ್ಷ ಕಳೆದ ಹಾಗೆ ಋಣ ಹೆಚ್ಚುತ್ತದೆ ಎಂಬ ತತ್ವವನ್ನು ಆ ಕಾನೂನೇ ಒಪ್ಪಿದೆ. ಕ್ಯಾರೆನ್ಸ್ ಪುಸ್ತಕ ಬರೆಯುವುದಕ್ಕೆ ಎಷ್ಟೋ ಮೊದಲೇ, 1980ರ ಕಾನೂನಿನಲ್ಲೇ ಇಂಥ ಏರ್ಪಾಡು ಇತ್ತು. ಆದರೆ ಆ ಋಣ ಕಂಪನಿಯದು, ನಗರದ್ದಲ್ಲ. ಕಂಪನಿ ಬದಲಾಯಿಸಿದರೆ ಹಳೆಯದರ ಲೆಕ್ಕ ಚುಕ್ತಾ, ಹೊಸ ಎಣಿಕೆ ಸೊನ್ನೆಯಿಂದ. ಮಾವ ಮೂರು ಕಂಪನಿಯಲ್ಲಿ ದುಡಿದವರು. ಮೂರರಲ್ಲೂ ಲೆಕ್ಕ ಸರಿಯಾಗಿ ಕೊಟ್ಟರು ಎನ್ನುತ್ತಾರೆ. ಇಪ್ಪತ್ತಮೂರು ಎಂಬ ಮೊತ್ತ ಮಾತ್ರ ಯಾವ ಪುಸ್ತಕದಲ್ಲೂ ಬರೆಯಲ್ಪಟ್ಟಿಲ್ಲ.

ನಗರಕ್ಕೆ ಈ ಮೊತ್ತ ಬೇಡವಾಗಿರುವುದರಿಂದ ಏನಾಗುತ್ತದೆ ಎಂಬುದು ಸಾವಿನ ಪ್ರಮಾಣದಲ್ಲಿ ಕಾಣುತ್ತದೆ. ಜಗತ್ತಿನಲ್ಲಿ ಸಾವಿರ ಜನಕ್ಕೆ ಅತಿ ಕಡಿಮೆ ಸಾವು ಆಗುವ ದೇಶಗಳ ಪಟ್ಟಿ ತೆಗೆದರೆ ಕತಾರ್ ಮತ್ತು ಎಮಿರೇಟ್ಸ್ ತುದಿಯಲ್ಲಿರುತ್ತವೆ, ವರ್ಷಕ್ಕೆ ಸಾವಿರಕ್ಕೆ ಎರಡಕ್ಕಿಂತ ಕಡಿಮೆ. ಕರ್ನಾಟಕದಲ್ಲಿ ಅದು ಆರೇಳರ ಆಸುಪಾಸು. ಅಲ್ಲಿನ ಆಸ್ಪತ್ರೆಗಳು ಒಳ್ಳೆಯವು ನಿಜ, ಆದರೆ ಈ ಅಂತರಕ್ಕೆ ಮುಖ್ಯ ಕಾರಣ ಆಸ್ಪತ್ರೆಯಲ್ಲ. ಇಪ್ಪತ್ತೈದರಲ್ಲಿ ಬಂದವನು ಐವತ್ತರ ಸುಮಾರಿಗೆ ಹೊರಡುತ್ತಾನೆ, ಅವನ ಜಾಗಕ್ಕೆ ಇನ್ನೊಬ್ಬ ಇಪ್ಪತ್ತೈದರವನು ಬರುತ್ತಾನೆ. ನಗರದ ವಯಸ್ಸು ಹಾಗೇ ನಿಂತಿರುತ್ತದೆ. ಮುಪ್ಪು, ಸಕ್ಕರೆ ಕಾಯಿಲೆ, ಸವೆದ ಮಂಡಿ, ಸಾವು ಎಲ್ಲವೂ ಕಾಸರಗೋಡಿನ, ಭಟ್ಕಳದ, ನಮ್ಮ ಹಳ್ಳಿಯ ಲೆಕ್ಕಕ್ಕೆ ಬರುತ್ತವೆ. ಬಿಸಿಲು ಮಹಡಿಯ ಮೇಲೆ ಕುಳಿತು ಏಸಿ ರಿಪೇರಿ ಮಾಡಿದ ವರ್ಷಗಳು ದುಬೈಯ ಉತ್ಪಾದನೆಯಲ್ಲಿ ಎಣಿಕೆಯಾದವು. ಆ ವರ್ಷಗಳು ಮೈಯಲ್ಲಿ ಉಳಿಸಿದ್ದು ತುಮಕೂರು ಜಿಲ್ಲೆಯ ಆರೋಗ್ಯ ಅಂಕಿಅಂಶದಲ್ಲಿ ಎಣಿಕೆಯಾಗುತ್ತಿದೆ. ‘ಎಷ್ಟು ಜನ’ ಎಂಬ ಅಂಕಿಯನ್ನು ಮಾತ್ರ ಹೇಳುವ ನಗರ ಈ ವರ್ಗಾವಣೆಯನ್ನು ಕಾಣಿಸದೆ ದಾಟಿಸಿಬಿಡುತ್ತದೆ. ‘ಎಷ್ಟು ಜನ, ಎಷ್ಟೆಷ್ಟು ವರ್ಷ’ ಎಂದು ಎರಡನ್ನೂ ಹೇಳಿದರೆ ಅಷ್ಟು ಸುಲಭವಾಗಿ ದಾಟಿಸಲು ಬರುವುದಿಲ್ಲ. ನಾಗರಿಕತ್ವ ಕೊಡಿ ಎಂಬ ದೊಡ್ಡ ಬೇಡಿಕೆಗಿಂತ ಮೊದಲು ಈ ಸಣ್ಣ ಬೇಡಿಕೆಯನ್ನು ಇಡಬೇಕು ಎನ್ನುವುದು ನನ್ನ ವಾದ. ಹತ್ತು ವರ್ಷ ಮೀರಿದವರು ಎಷ್ಟು, ಇಪ್ಪತ್ತು ಮೀರಿದವರು ಎಷ್ಟು ಎಂದು ಪ್ರಕಟಿಸಿದರೆ ಯಾವ ದೇಶದವರು ಎಂದು ಹೇಳಬೇಕಾಗಿಯೂ ಇಲ್ಲ, ಅಲ್ಲಿನ ನಾಗರಿಕರ ಅಳುಕನ್ನು ಕೆಣಕಬೇಕಾಗಿಯೂ ಇಲ್ಲ.

ಇದನ್ನು ಪರದೇಶಕ್ಕೆ ಮಾತ್ರ ಹೇಳುವುದು ಸರಿಯಲ್ಲ ಎಂಬ ಅರಿವು ನನಗಿದೆ. ನಮ್ಮ ಕಡೆಯ ತೆಂಗಿನ ಪುಡಿ ಕಾರ್ಖಾನೆಗಳಲ್ಲಿ ಹೊರರಾಜ್ಯದ ಹುಡುಗರು ಕೆಲಸ ಮಾಡುತ್ತಾರೆ. ಅವರು ಎಷ್ಟು ವರ್ಷದಿಂದ ಇದ್ದಾರೆ ಎಂದು ಕೇಳಿದರೆ ಊರಿನವರ ಉತ್ತರ ‘ಬರ್ತಾರೆ, ಹೋಗ್ತಾರೆ’ ಎಂಬುದೇ. ಒಂದು ವ್ಯತ್ಯಾಸ ಇದೆ. ನಮ್ಮ ಜನಗಣತಿಯಲ್ಲಿ ಈ ಊರಿಗೆ ಎಲ್ಲಿಂದ ಬಂದಿರಿ, ಬಂದು ಎಷ್ಟು ವರ್ಷವಾಯಿತು ಎಂಬ ಪ್ರಶ್ನೆ ಇದೆ. ಉತ್ತರಗಳನ್ನು ಒಂದು ವರ್ಷದೊಳಗೆ, ಒಂದರಿಂದ ನಾಲ್ಕು, ಐದರಿಂದ ಒಂಬತ್ತು, ಹತ್ತರಿಂದ ಹತ್ತೊಂಬತ್ತು, ಇಪ್ಪತ್ತು ಮೀರಿದ್ದು ಎಂದು ವಿಂಗಡಿಸಿ ಪ್ರಕಟಿಸುತ್ತಾರೆ. 2011ರಲ್ಲಿ ಕೇಳಿದ್ದರ ಫಲಿತಾಂಶ ಹೊರಬಂದದ್ದು 2019ರಲ್ಲಿ ಎಂಬುದು ಬೇರೆ ಮಾತು.

ಅದೇ ಪ್ರಶ್ನೆ 2027ರಲ್ಲೂ ಮುಂದುವರಿದರೆ ಮಾವನ ಮನೆಗೆ ಬಂದ ಮೇಷ್ಟರಿಗೆ ಒಂದು ತೊಡಕು ಎದುರಾಗುತ್ತದೆ. ನಮ್ಮ ಗಣತಿಯ ವ್ಯಾಖ್ಯೆಯಲ್ಲಿ ಹುಟ್ಟಿದ ಊರು ಒಂದು ಪ್ರಶ್ನೆ, ಕೊನೆಯದಾಗಿ ವಾಸವಿದ್ದ ಊರು ಇನ್ನೊಂದು. ಹುಟ್ಟಿದ್ದು ಇದೇ ಊರು. ಕೊನೆಯದಾಗಿ ವಾಸವಿದ್ದದ್ದು ಎಮಿರೇಟ್ಸ್. ಆದ್ದರಿಂದ ತಾತನ ಕಾಲದ ತೋಟದ ಮನೆಯ ಜಗುಲಿಯಲ್ಲಿ ಕುಳಿತ ಅವರನ್ನು ಎಮಿರೇಟ್ಸಿನಿಂದ ಬಂದ ವಲಸಿಗ, ಬಂದು ಏಳು ವರ್ಷ ಎಂದು ಬರೆದುಕೊಳ್ಳಬೇಕಾಗುತ್ತದೆ. ಇದನ್ನು ಮಾವನಿಗೆ ಹೇಳಿದೆ. ‘ಅಲ್ಲಿರೋವಾಗ ಇಲ್ಲಿಯವನು ಅಂತ ಬರಕೊಂಡ್ರು, ಇಲ್ಲಿಗೆ ಬಂದ್ಮೇಲೆ ಅಲ್ಲಿಯವನು ಅಂತಾರಾ?’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ಏಳು ವರ್ಷ ಅಂದಿದ್ದು ಸರಿಯಾಗಿದೆಯಾ ಎಂದು ತಾವೇ ಬೆರಳೆಣಿಸತೊಡಗಿದರು.